ಊಹೆಗೆ ಒರೆಗಲ್ಲು ಸಿಗದ ವೈ-ಫೈ

ಕಳೆದ ದಸರೆಗೆ ಅಕ್ಕನ ಮನೆಗೆ ಹೋಗಿದ್ದೆವು. ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದ್ದಂತೆ ನನ್ನ ಮಗ ಕೇಳಿದ ಮೊದಲ ಪ್ರಶ್ನೆ, "ಅತ್ತೆ, ವೈ-ಫೈ ಪಾಸ್‌ವರ್ಡ್ ಏನು?" ಅಡುಗೆಮನೆಯಿಂದಲೇ ಉತ್ತರ ಬಂತು: "ನಿಮ್ಮ ಮಾವನ ಫೋನ್ ನಂಬರೇ ಕಣೋ." ಇಂಟರ್ನೆಟ್ ಹಾಕಲು ಬಂದ ಹುಡುಗ ಏನಿಡಲಿ ಎಂದು ಕೇಳಿದಾಗ ನಾಲಿಗೆಗೆ ಬಂದದ್ದು ಅದೇ. ಮರೆಯುವ ಭಯವಿಲ್ಲ, ಮನೆಯವರಿಗೆಲ್ಲ ಬಾಯಿಪಾಠ. ಹತ್ತು ಅಂಕಿಗಳಿವೆ, ಯಾರು ತಾನೇ ಊಹಿಸಿಯಾರು ಎಂಬ ಧೈರ್ಯವೂ ಇತ್ತು.

ಊಹಿಸುವುದು ಎಷ್ಟು ಕಷ್ಟ, ಲೆಕ್ಕ ಹಾಕಿ ನೋಡೋಣ. ನಮ್ಮ ದೇಶದ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಉಳಿದ ಒಂಬತ್ತು ಅಂಕಿ ಏನು ಬೇಕಾದರೂ ಇರಬಹುದು. ಒಟ್ಟು 400 ಕೋಟಿ ಸಾಧ್ಯತೆ. ಮನುಷ್ಯರಿಗೆ ಇದು ದೊಡ್ಡ ಸಂಖ್ಯೆ. ಆದರೆ ಆಟದ ಕಂಪ್ಯೂಟರುಗಳಿಗೆ ಹಾಕುವ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಬಲಶಾಲಿಯಾದ ಆರ್‌ಟಿಎಕ್ಸ್ 4090 ಎಂಬ ಒಂದೇ ಕಾರ್ಡು ಹಳೆಯ ಡಬ್ಲ್ಯುಪಿಎ-2 ಪಾಸ್‌ವರ್ಡ್‌ಗಳನ್ನು ಸೆಕೆಂಡಿಗೆ ಸುಮಾರು 25 ಲಕ್ಷದಂತೆ ಪರೀಕ್ಷಿಸಬಲ್ಲದು. 400 ಕೋಟಿಯನ್ನು 25 ಲಕ್ಷದಿಂದ ಭಾಗಿಸಿದರೆ 1600 ಸೆಕೆಂಡು. ಅಂದರೆ 27 ನಿಮಿಷದೊಳಗೆ ದೇಶದ ಎಲ್ಲ ಮೊಬೈಲ್ ನಂಬರುಗಳನ್ನೂ, ಇನ್ನೂ ಯಾರಿಗೂ ಕೊಡದ ನಂಬರುಗಳನ್ನೂ ಸೇರಿಸಿ, ಒಂದೂ ಬಿಡದೆ ನೋಡಿ ಮುಗಿಸಬಹುದು.

ಇಲ್ಲಿ ಯಾರಿಗಾದರೂ ಒಂದು ಸಂಶಯ ಬರಬೇಕು. ಸೆಕೆಂಡಿಗೆ 25 ಲಕ್ಷ ಸಲ ಬಾಗಿಲು ಬಡಿದರೆ ಅಕ್ಕನ ಮನೆಯ ರೂಟರ್ ಸುಮ್ಮನಿರುತ್ತದೆಯೇ? ಅಷ್ಟು ವೇಗವಾಗಿ ಉತ್ತರಿಸಲು ಆ ಪುಟ್ಟ ಡಬ್ಬಿಗೆ ಸಾಧ್ಯವೇ? ಸಾಧ್ಯವಿಲ್ಲ. ಅಸಲಿಗೆ ಕಳ್ಳ ರೂಟರಿನ ಬಾಗಿಲನ್ನೇ ಬಡಿಯುವುದಿಲ್ಲ. ಅವನು ಅಕ್ಕನ ಬೀದಿಯಲ್ಲೂ ಇರಬೇಕಿಲ್ಲ. ಬೇರೆ ಊರಿನಲ್ಲಿ, ತನ್ನ ಕೋಣೆಯಲ್ಲಿ, ಇಂಟರ್ನೆಟ್ ಸಂಪರ್ಕವೂ ಇಲ್ಲದ ಕಂಪ್ಯೂಟರಿನಲ್ಲಿ ಕುಳಿತು ಊಹಿಸುತ್ತಾನೆ. ಇದನ್ನೇ ಆಫ್‌ಲೈನ್ ಊಹೆ ಎನ್ನುವುದು. ಇದಕ್ಕೆ ದಾರಿ ಮಾಡಿಕೊಟ್ಟದ್ದು ಡಬ್ಲ್ಯುಪಿಎ-2, ಆ ದಾರಿಯನ್ನು ಮುಚ್ಚಿದ್ದು ಡಬ್ಲ್ಯುಪಿಎ-3.

ಅಕ್ಕಸಾಲಿಯ ಕೈಗೆ ಒಡವೆ ಕೊಟ್ಟರೆ ಅವನು ಮೊದಲು ಅದನ್ನು ಒರೆಗಲ್ಲಿಗೆ ತಿಕ್ಕಿ ನೋಡುತ್ತಾನೆ. ಕಲ್ಲು ಚಿನ್ನವನ್ನು ತಯಾರಿಸುವುದಿಲ್ಲ, ಚಿನ್ನ ಎಲ್ಲಿದೆಯೆಂದು ಹೇಳುವುದೂ ಇಲ್ಲ. ಮುಂದೆ ತಂದದ್ದು ಅಸಲಿಯೋ ನಕಲಿಯೋ ಎಂದಷ್ಟೇ ತಿಳಿಸುತ್ತದೆ. ಪಾಸ್‌ವರ್ಡ್ ಊಹಿಸುವವನಿಗೂ ಬೇಕಾದದ್ದು ಇಂಥದೊಂದು ಕಲ್ಲು. ಊಹೆಗಳನ್ನು ಹುಟ್ಟಿಸುವುದು ಅವನಿಗೆ ಕಷ್ಟವಲ್ಲ. ಪ್ರತಿ ಊಹೆಯೂ ಸರಿಯೋ ತಪ್ಪೋ ಎಂದು ಯಾರನ್ನೂ ಕೇಳದೆ ತಾನೇ ತಿಳಿದುಕೊಳ್ಳುವ ಸಾಧನ ಸಿಕ್ಕರೆ ಸಾಕು, ಉಳಿದದ್ದು ಕಂಪ್ಯೂಟರಿನ ಕೆಲಸ. ಡಬ್ಲ್ಯುಪಿಎ-2 ಆ ಒರೆಗಲ್ಲನ್ನು ಗಾಳಿಯಲ್ಲಿ ಎಲ್ಲರಿಗೂ ಕಾಣುವಂತೆ ಇಡುತ್ತಿತ್ತು.

ಅದು ಹೇಗೆ ಎಂದು ತಿಳಿಯಲು ಫೋನು ಮತ್ತು ರೂಟರಿನ ಮಾತುಕತೆಯನ್ನು ಸ್ವಲ್ಪ ಹತ್ತಿರದಿಂದ ಕೇಳಬೇಕು. 2004ರಲ್ಲಿ ಬಂದ ಡಬ್ಲ್ಯುಪಿಎ-2ರಲ್ಲಿ ಈ ಮಾತುಕತೆಗೆ ನಾಲ್ಕು ಹೆಜ್ಜೆಯ ಹ್ಯಾಂಡ್‌ಶೇಕ್ ಎಂದು ಹೆಸರು. ಅದಕ್ಕೂ ಮುಂಚೆ ಫೋನು ಮತ್ತು ರೂಟರ್ ಎರಡೂ ಪಾಸ್‌ವರ್ಡನ್ನು ತಮ್ಮೊಳಗೇ ಅರೆದು ಒಂದು ಮೂಲ ಕೀಲಿ ಮಾಡಿಕೊಂಡಿರುತ್ತವೆ. ಪಾಸ್‌ವರ್ಡಿನ ಜೊತೆ ವೈ-ಫೈ ಹೆಸರನ್ನೂ ಬೆರೆಸಿ, ಒಂದು ಗಣಿತದ ಕ್ರಿಯೆಯನ್ನು 4096 ಸುತ್ತು ಮಾಡಿದರೆ ಈ ಕೀಲಿ ಸಿದ್ಧವಾಗುತ್ತದೆ. ಪಾಸ್‌ವರ್ಡು ಮತ್ತು ವೈ-ಫೈ ಹೆಸರು ಬದಲಾಗದಿದ್ದರೆ ಕೀಲಿಯೂ ಬದಲಾಗುವುದಿಲ್ಲ. ಇವತ್ತಿಗೂ ಅದೇ, ಮುಂದಿನ ವರ್ಷಕ್ಕೂ ಅದೇ.

ಈಗ ಮಾತುಕತೆ ಶುರು. ಮೊದಲ ಹೆಜ್ಜೆಯಲ್ಲಿ ರೂಟರ್ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಫೋನಿಗೆ ಕಳಿಸುತ್ತದೆ. ಫೋನು ತನ್ನದೊಂದು ಯಾದೃಚ್ಛಿಕ ಸಂಖ್ಯೆಯನ್ನು ಆರಿಸಿಕೊಳ್ಳುತ್ತದೆ. ಮೂಲ ಕೀಲಿ, ಈ ಎರಡು ಸಂಖ್ಯೆಗಳು ಮತ್ತು ಎರಡೂ ಸಾಧನಗಳ ವಿಳಾಸಗಳನ್ನು ಸೇರಿಸಿ ಆ ಹೊತ್ತಿನ ಕೆಲಸಕ್ಕೊಂದು ಕೀಲಿ ತಯಾರಿಸುತ್ತದೆ. ಎರಡನೆಯ ಹೆಜ್ಜೆಯಲ್ಲಿ ತನ್ನ ಸಂಖ್ಯೆಯನ್ನು ರೂಟರಿಗೆ ಕಳಿಸುವಾಗ, ಆ ಕೀಲಿಯಿಂದ ಲೆಕ್ಕ ಹಾಕಿದ ಒಂದು ಮೊಹರನ್ನು ಸಂದೇಶಕ್ಕೆ ಒತ್ತುತ್ತದೆ. ರೂಟರ್ ಅದೇ ಲೆಕ್ಕವನ್ನು ತಾನೂ ಮಾಡಿ ನೋಡುತ್ತದೆ. ಮೊಹರು ಹೊಂದಿದರೆ ಫೋನಿಗೆ ಪಾಸ್‌ವರ್ಡ್ ಗೊತ್ತಿದೆ ಎಂದರ್ಥ. ಉಳಿದೆರಡು ಹೆಜ್ಜೆಗಳು ಇದನ್ನು ಖಚಿತಪಡಿಸಿ ಮುಗಿಸುವುದಕ್ಕೆ.

ಪಾಸ್‌ವರ್ಡ್ ಎಲ್ಲಿಯೂ ಗಾಳಿಗೆ ಬಂದಿಲ್ಲ ಎಂಬುದು ನಿಜ. ಆದರೆ ಏನೇನು ಬಂದಿದೆ ನೋಡಿ. ವೈ-ಫೈ ಹೆಸರನ್ನು ರೂಟರ್ ತಾನೇ ಸಾರುತ್ತಿರುತ್ತದೆ. ಎರಡೂ ಯಾದೃಚ್ಛಿಕ ಸಂಖ್ಯೆಗಳು, ಎರಡೂ ವಿಳಾಸಗಳು ಮತ್ತು ಮೊಹರು, ಇವೆಲ್ಲ ಯಾವ ಮುಸುಕೂ ಇಲ್ಲದೆ ಹೋಗಿವೆ. ಲೆಕ್ಕದಲ್ಲಿ ಕೇಳುಗನಿಗೆ ಗೊತ್ತಿಲ್ಲದ್ದು ಪಾಸ್‌ವರ್ಡ್ ಒಂದೇ. ಅವನು ಒಂದು ಮೊಬೈಲ್ ನಂಬರನ್ನು ಊಹಿಸುತ್ತಾನೆ, ಹೆಸರಿನ ಜೊತೆ 4096 ಸುತ್ತು ಅರೆಯುತ್ತಾನೆ, ಸಂಖ್ಯೆ ಮತ್ತು ವಿಳಾಸಗಳನ್ನು ಸೇರಿಸುತ್ತಾನೆ, ಮೊಹರನ್ನು ಲೆಕ್ಕ ಹಾಕುತ್ತಾನೆ, ಹಿಡಿದಿಟ್ಟುಕೊಂಡ ಮೊಹರಿನ ಪಕ್ಕದಲ್ಲಿಟ್ಟು ನೋಡುತ್ತಾನೆ. ಬೇರೆಯಾದರೆ ಮುಂದಿನ ನಂಬರು. ಒಂದೇ ಆದರೆ ಬಾಗಿಲು ತೆರೆಯಿತು. ಆ ಮೊಹರೇ ಒರೆಗಲ್ಲು.

ಇದನ್ನು ವಿನ್ಯಾಸ ಮಾಡಿದವರಿಗೆ ಈ ಅಪಾಯ ತಿಳಿದಿರಲಿಲ್ಲ ಎನ್ನಲಾಗದು. 4096 ಸುತ್ತಿನ ಅರೆತ ಇಟ್ಟದ್ದೇ ಪ್ರತಿ ಊಹೆಯೂ ನಿಧಾನವಾಗಲಿ ಎಂದು. 2004ರ ಕಂಪ್ಯೂಟರುಗಳಿಗೆ ಅದು ದೊಡ್ಡ ಹೊರೆಯೇ ಆಗಿತ್ತು. ಆಮೇಲೆ ಸಾವಿರಾರು ಲೆಕ್ಕಗಳನ್ನು ಒಟ್ಟಿಗೆ ಮಾಡುವ ಗ್ರಾಫಿಕ್ಸ್ ಕಾರ್ಡುಗಳು ಬಂದವು, ಹೊರೆ ಹಗುರಾಯಿತು. ಸುತ್ತುಗಳ ಸಂಖ್ಯೆ ಮಾತ್ರ 4096ರಲ್ಲೇ ನಿಂತಿತು.

ಹ್ಯಾಂಡ್‌ಶೇಕ್ ನಡೆಯುವುದು ಫೋನು ವೈ-ಫೈಗೆ ಸೇರುವಾಗ ಮಾತ್ರ. ಅದಕ್ಕಾಗಿ ಕಳ್ಳ ಕಾದು ಕೂರಬೇಕಿಲ್ಲ. "ಸಂಪರ್ಕ ಕಡಿದುಕೋ" ಎಂದು ರೂಟರ್ ಫೋನಿಗೆ ಹೇಳುವ ಸಂದೇಶಕ್ಕೆ ಹಳೆಯ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಯಾವ ಸಹಿಯೂ ಇರುತ್ತಿರಲಿಲ್ಲ. ರೂಟರಿನ ಹೆಸರಿನಲ್ಲಿ ಕಳ್ಳನೇ ಆ ಸಂದೇಶ ಕಳಿಸಿದರೆ ಫೋನು ನಂಬಿ ಸಂಪರ್ಕ ಕಡಿದುಕೊಳ್ಳುತ್ತದೆ, ಮರುಕ್ಷಣ ತಾನಾಗಿ ಮತ್ತೆ ಸೇರುತ್ತದೆ. ವಿಡಿಯೊ ಒಂದು ಗಳಿಗೆ ನಿಂತು ಮತ್ತೆ ಓಡಿದ್ದು ಬಿಟ್ಟರೆ ಮನೆಯವರಿಗೆ ಏನೂ ತಿಳಿಯುವುದಿಲ್ಲ. ಅಷ್ಟರಲ್ಲಿ ಒರೆಗಲ್ಲು ಅವನ ಲ್ಯಾಪ್‌ಟಾಪಿನಲ್ಲಿರುತ್ತದೆ.

2018ರ ಆಗಸ್ಟಿನಲ್ಲಿ ಈ ಕೆಲಸ ಇನ್ನೂ ಸುಲಭವಾಯಿತು. ಹ್ಯಾಶ್‌ಕ್ಯಾಟ್ ಎಂಬ ಪಾಸ್‌ವರ್ಡ್ ಪರೀಕ್ಷಿಸುವ ತಂತ್ರಾಂಶದ ಕರ್ತೃ ಯೆನ್ಸ್ ಸ್ಟೌಬೆ ಡಬ್ಲ್ಯುಪಿಎ-3ನ್ನು ಅಭ್ಯಾಸ ಮಾಡುತ್ತಿದ್ದಾಗ, ಹಳೆಯ ಡಬ್ಲ್ಯುಪಿಎ-2ರಲ್ಲೇ ಒಂದು ಹೊಸ ಬಿರುಕು ಕಂಡರು. ಕೆಲವು ರೂಟರುಗಳು ಮೊದಲ ಹೆಜ್ಜೆಯಲ್ಲೇ ಮೂಲ ಕೀಲಿಯ ಗುರುತೊಂದನ್ನು ಕಳಿಸಿಬಿಡುತ್ತವೆ. ಪಿಎಂಕೆಐಡಿ ಎಂದು ಅದರ ಹೆಸರು. ಅದೂ ಮೂಲ ಕೀಲಿಯಿಂದ ಲೆಕ್ಕ ಹಾಕಿದ್ದೇ ಆದ್ದರಿಂದ ಮೊಹರಿನಂತೆಯೇ ಒರೆಗಲ್ಲಾಗುತ್ತದೆ. ಇನ್ನು ಯಾರ ಫೋನೂ ಬೇಕಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗಲೂ ಉರಿಯುತ್ತಿರುವ ರೂಟರನ್ನು ಒಮ್ಮೆ ಮಾತನಾಡಿಸಿದರೆ ಸಾಕು.

ಇದು ಕಾಗದದ ಮೇಲಿನ ಭಯವಲ್ಲ. ಸೈಬರ್ ಭದ್ರತೆಯ ಸಂಸ್ಥೆ ಸೈಬರ್‌ಆರ್ಕ್‌ನ ಸಂಶೋಧಕ ಇಡೊ ಹೂರ್ವಿಚ್ ಟೆಲ್ ಅವೀವ್ ನಗರದಲ್ಲಿ ಓಡಾಡಿ 5000 ವೈ-ಫೈಗಳ ಈ ಗುರುತುಗಳನ್ನು ಸಂಗ್ರಹಿಸಿದರು. 2021ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಅವುಗಳಲ್ಲಿ ಶೇಕಡಾ 70ಕ್ಕೂ ಹೆಚ್ಚು ಪಾಸ್‌ವರ್ಡುಗಳು ಬಯಲಾಗಿದ್ದವು. ಅಲ್ಲಿಯವರಿಗೂ ಫೋನ್ ನಂಬರನ್ನೇ ಪಾಸ್‌ವರ್ಡ್ ಮಾಡಿಕೊಳ್ಳುವ ಅಭ್ಯಾಸವಿದೆ ಎಂದು ಅವರು ಮೊದಲೇ ಊಹಿಸಿದ್ದರು. ಇಸ್ರೇಲಿನ ಮೊಬೈಲ್ ನಂಬರುಗಳು 05ರಿಂದ ಶುರುವಾಗುತ್ತವೆ, ಉಳಿಯುವುದು ಎಂಟೇ ಅಂಕಿ, ಅಂದರೆ 10 ಕೋಟಿ ಸಾಧ್ಯತೆ. ಅಷ್ಟನ್ನೂ ನೋಡಲು ಒಂದು ಸಾಮಾನ್ಯ ಲ್ಯಾಪ್‌ಟಾಪಿಗೆ ಹತ್ತಿರ ಹತ್ತಿರ ಒಂಬತ್ತು ನಿಮಿಷ ಸಾಕಾಗಿತ್ತು. ಅವರ ವರದಿ ಓದುವಾಗ ನನಗೆ ಅಕ್ಕನ ಮನೆಯೇ ನೆನಪಾಗುತ್ತಿತ್ತು.

ಹಾಗಾದರೆ ಪರಿಹಾರವೇನು? ಅರೆತವನ್ನು 4096ರಿಂದ ನಲವತ್ತು ಲಕ್ಷ ಸುತ್ತಿಗೆ ಏರಿಸಬಹುದಿತ್ತು. ಆಗ ನಮ್ಮ ಅಗ್ಗದ ಫೋನುಗಳೇ ತಿಣುಕಾಡುತ್ತಿದ್ದವು, ಕಳ್ಳನ ಯಂತ್ರಗಳು ಕೆಲವೇ ವರ್ಷಗಳಲ್ಲಿ ಮತ್ತೆ ಮುಂದೆ ಹೋಗುತ್ತಿದ್ದವು. ಡಬ್ಲ್ಯುಪಿಎ-3 ಆ ಓಟಕ್ಕೇ ಇಳಿಯಲಿಲ್ಲ. ಗಾಳಿಯಲ್ಲಿ ಹೋಗುವ ಯಾವ ಮಾತೂ ಒರೆಗಲ್ಲಾಗಬಾರದು ಎಂಬ ಬೇರೆಯೇ ದಾರಿ ಹಿಡಿಯಿತು. ಅದರ ಒಡಲಿನಲ್ಲಿರುವ ವಿಧಾನಕ್ಕೆ ಎಸ್‌ಎಇ ಎಂದು ಹೆಸರು, ಬಿಡಿಸಿ ಹೇಳಿದರೆ ಸಮಾನರು ಏಕಕಾಲಕ್ಕೆ ಒಬ್ಬರನ್ನೊಬ್ಬರು ದೃಢಪಡಿಸಿಕೊಳ್ಳುವುದು. ಡ್ಯಾನ್ ಹಾರ್ಕಿನ್ಸ್ ಎಂಬ ತಜ್ಞರು 2008ರಲ್ಲೇ ಇದನ್ನು ಮಂಡಿಸಿದ್ದರು. ಮನೆಯ ವೈ-ಫೈಗೆ ಇದು ಬಂದದ್ದು ವೈ-ಫೈ ಅಲಯನ್ಸ್ 2018ರ ಜೂನ್‌ನಲ್ಲಿ ಡಬ್ಲ್ಯುಪಿಎ-3 ಪ್ರಮಾಣೀಕರಣ ಶುರು ಮಾಡಿದಾಗ.

ಇದರ ಗಣಿತ ಎಲಿಪ್ಟಿಕ್ ಕರ್ವ್ ಎಂಬ ವಕ್ರರೇಖೆಯ ಮೇಲಿನ ಬಿಂದುಗಳದ್ದು. ರೇಖೆಯ ಆಳಕ್ಕೆ ಇಳಿಯದೆ ಎರಡು ಸಂಗತಿಗಳನ್ನು ಒಪ್ಪಿಕೊಂಡರೆ ಸಾಕು. ಒಂದು, ಅಲ್ಲಿನ ಬಿಂದುಗಳನ್ನು ಕೂಡಬಹುದು, ಕಳೆಯಬಹುದು, ಒಂದು ಬಿಂದುವನ್ನು ಸಂಖ್ಯೆಯಿಂದ ಗುಣಿಸಬಹುದು. ಎರಡು, ಗುಣಿಸುವುದು ಸುಲಭ, ಆದರೆ ಉತ್ತರದ ಬಿಂದುವನ್ನು ತೋರಿಸಿ ಯಾವ ಸಂಖ್ಯೆಯಿಂದ ಗುಣಿಸಿದ್ದು ಎಂದು ಕೇಳಿದರೆ ಇಂದಿನ ಯಾವ ಕಂಪ್ಯೂಟರಿಗೂ ಹೇಳಲಾಗದು. ರುಬ್ಬಿದ ಹಿಟ್ಟಿನಿಂದ ಅಕ್ಕಿಯನ್ನು ಹಿಂದಕ್ಕೆ ಪಡೆಯಲಾಗದ ಹಾಗೆ. ನಿಜವಾದ ಲೆಕ್ಕದಲ್ಲಿ ಈ ಸಂಖ್ಯೆಗಳಿಗೆ ಎಪ್ಪತ್ತಕ್ಕಿಂತ ಹೆಚ್ಚು ಅಂಕಿಗಳಿರುತ್ತವೆ. ನಾವು ಇಲ್ಲಿ ಬೆರಳೆಣಿಕೆಯ ಸಂಖ್ಯೆಗಳಲ್ಲೇ ಮಾಡಿ ನೋಡೋಣ.

ಫೋನು ಮತ್ತು ರೂಟರ್ ಎರಡೂ ಪಾಸ್‌ವರ್ಡನ್ನು ತಮ್ಮ ವಿಳಾಸಗಳ ಜೊತೆ ಬೆರೆಸಿ ವಕ್ರರೇಖೆಯ ಮೇಲಿನ ಒಂದು ಬಿಂದುವಾಗಿ ಮಾರ್ಪಡಿಸಿಕೊಳ್ಳುತ್ತವೆ. ಅದನ್ನು ಪ ಎನ್ನೋಣ. ಪಾಸ್‌ವರ್ಡ್ ಒಂದೇ ಆಗಿದ್ದರೆ ಇಬ್ಬರ ಪ ಕೂಡ ಒಂದೇ. ಈಗ ಫೋನು ಎರಡು ಗುಟ್ಟಿನ ಸಂಖ್ಯೆಗಳನ್ನು ಮನಸ್ಸಿನಲ್ಲೇ ಆರಿಸಿಕೊಳ್ಳುತ್ತದೆ. ಒಂದು ಅಸಲು ಗುಟ್ಟು, 3 ಎಂದಿರಲಿ. ಇನ್ನೊಂದು ಅದಕ್ಕೆ ಹೊದಿಸುವ ಮುಸುಕು, 5 ಎಂದಿರಲಿ. ಎರಡರ ಮೊತ್ತ 8 ಎಂಬ ಸಂಖ್ಯೆಯನ್ನೂ, −5ಪ ಎಂಬ ಬಿಂದುವನ್ನೂ ರೂಟರಿಗೆ ಕಳಿಸುತ್ತದೆ. ರೂಟರಿನ ಗುಟ್ಟು 4, ಮುಸುಕು 2 ಎಂದುಕೊಳ್ಳಿ. ಅದು 6 ಎಂಬ ಸಂಖ್ಯೆಯನ್ನೂ −2ಪ ಎಂಬ ಬಿಂದುವನ್ನೂ ಕಳಿಸುತ್ತದೆ.

ಫೋನಿನ ಕೈಯಲ್ಲಿ ಈಗ ರೂಟರಿನ 6 ಇದೆ. ತನ್ನ ಪ ಬಿಂದುವನ್ನು ಅದರಿಂದ ಗುಣಿಸಿದರೆ 6ಪ. ಅದಕ್ಕೆ ಬಂದಿರುವ −2ಪ ಕೂಡಿದರೆ ಮುಸುಕು ಕಳಚಿ 4ಪ ಉಳಿಯಿತು. ತನ್ನ ಗುಟ್ಟಾದ 3ರಿಂದ ಗುಣಿಸಿದರೆ 12ಪ. ಅತ್ತ ರೂಟರ್ 8ಪ ಮಾಡಿ −5ಪ ಕೂಡಿ 3ಪ ಪಡೆಯುತ್ತದೆ, ತನ್ನ ಗುಟ್ಟಾದ 4ರಿಂದ ಗುಣಿಸುತ್ತದೆ. ಅದಕ್ಕೂ 12ಪ. ಇಬ್ಬರೂ ಒಂದೇ ಬಿಂದುವಿಗೆ ಬಂದು ನಿಂತರು, ಆ ಬಿಂದು ಮಾತ್ರ ಗಾಳಿಯಲ್ಲಿ ಎಂದೂ ಹೋಗಲಿಲ್ಲ. ಅದರಿಂದ ಕೀಲಿ ತಯಾರಾಗುತ್ತದೆ. ಆಮೇಲೆ ಇಬ್ಬರೂ ಆ ಕೀಲಿಯಿಂದ ಮಾಡಿದ ಒಂದೊಂದು ಮೊಹರನ್ನು ಪರಸ್ಪರ ತೋರಿಸಿ ದೃಢಪಡಿಸಿಕೊಳ್ಳುತ್ತಾರೆ. ಫೋನಿನಲ್ಲಿ ಪಾಸ್‌ವರ್ಡ್ ತಪ್ಪಾಗಿ ಟೈಪಿಸಿದ್ದರೆ ಅದರ ಬಿಂದು ಪ ಆಗಿರದೆ ಬೇರೆ ಯಾವುದೋ ಆಗಿರುತ್ತದೆ. ಕೂಡಿ ಕಳೆಯುವಾಗ ಮುಸುಕು ಕಳಚುವುದಿಲ್ಲ, ಇಬ್ಬರ ಉತ್ತರವೂ ಬೇರೆಯಾಗುತ್ತದೆ, ಮೊಹರು ಹೊಂದುವುದಿಲ್ಲ.

ಮತ್ತೆ ಮೊಹರು ಬಂತಲ್ಲ, ಅದೂ ಒರೆಗಲ್ಲೇ ಆಗುವುದಿಲ್ಲವೇ? ಇಡೀ ವಿಧಾನದ ಜಾಣ್ಮೆ ಇರುವುದು ಈ ಪ್ರಶ್ನೆಯ ಉತ್ತರದಲ್ಲಿ. ಕೇಳುಗನಿಗೆ ಸಿಕ್ಕಿದ್ದು 8, 6, ಎರಡು ಬಿಂದುಗಳು ಮತ್ತು ಮೊಹರುಗಳು. ಬಿಂದುಗಳ ಮೇಲೆ "−5ಪ" ಎಂದು ಚೀಟಿ ಅಂಟಿಸಿರುವುದಿಲ್ಲ, ಅವು ರೇಖೆಯ ಮೇಲಿನ ಎರಡು ಚುಕ್ಕೆಗಳು ಅಷ್ಟೇ. ಅವನು ಒಂದು ಪಾಸ್‌ವರ್ಡ್ ಊಹಿಸಿ ಅದರ ಬಿಂದುವನ್ನು ಗ ಎಂದುಕೊಳ್ಳಲಿ. 8ಗ ಮಾಡಿ ಫೋನಿನ ಬಿಂದುವನ್ನು ಕೂಡಿದರೆ ಯಾವುದೋ ಒಂದು ಬಿಂದು ಸಿಗುತ್ತದೆ. ಈ ರೇಖೆಯ ಸ್ವಭಾವವೇನೆಂದರೆ ಇಲ್ಲಿನ ಪ್ರತಿ ಬಿಂದುವೂ ಗ ಬಿಂದುವಿನ ಯಾವುದಾದರೂ ಒಂದು ಪಟ್ಟು ಆಗಿಯೇ ಇರುತ್ತದೆ. ಹಾಗಾಗಿ ಅವನ ಊಹೆ ಸರಿಯಿದ್ದರೂ ತಪ್ಪಾಗಿದ್ದರೂ ಸಿಕ್ಕ ಬಿಂದು ಸಹಜವಾಗಿಯೇ ಕಾಣುತ್ತದೆ. ಸರಿಯಾದ ಪಾಸ್‌ವರ್ಡ್ ತನ್ನನ್ನು ತೋರಿಸಿಕೊಡುವ ಯಾವ ಹೊಳಪೂ ಅದರಲ್ಲಿಲ್ಲ.

ಉಳಿದದ್ದು ಮೊಹರು. ಅದಕ್ಕೆ ಉಜ್ಜಿ ನೋಡಬೇಕಾದರೆ ಊಹೆಯ ಪ್ರಕಾರ ಕೊನೆಯ ಬಿಂದು ಯಾವುದೆಂದು ಅವನಿಗೆ ಗೊತ್ತಿರಬೇಕು. ಊಹೆ ಸರಿಯಾಗಿಯೇ ಇದೆ ಎನ್ನಿ. ಆಗ ಅವನ ಕೈಯಲ್ಲಿ ಫೋನಿನ ಕಡೆಯಿಂದ 3ಪ ಎಂಬ ಬಿಂದು, ರೂಟರಿನ ಕಡೆಯಿಂದ 4ಪ ಎಂಬ ಬಿಂದು ಇರುತ್ತವೆ. 12ಪ ಬೇಕಾದರೆ ಒಂದರ ಒಳಗಿರುವ 3 ಅಥವಾ ಇನ್ನೊಂದರ ಒಳಗಿರುವ 4 ಬೇಕು, ಅದು ಹಿಟ್ಟಿನಿಂದ ಅಕ್ಕಿ ಆರಿಸುವ ಕೆಲಸ. ಪಾಸ್‌ವರ್ಡ್ ಕೈಯಲ್ಲೇ ಇದ್ದರೂ, ಬರೀ ಕೇಳಿಸಿಕೊಂಡವನಿಗೆ ಅದು ಸರಿಯೆಂದು ತಿಳಿಯುವ ದಾರಿಯಿಲ್ಲ. ಕಲ್ಲು ಎದುರಿಗೇ ಇದೆ, ತಿಕ್ಕಲು ಕೈ ತಲುಪುವುದಿಲ್ಲ.

ಕಳ್ಳನಿಗೆ ಉಳಿಯುವ ದಾರಿ ಒಂದೇ. ದೂರ ನಿಂತು ಕೇಳುವುದನ್ನು ಬಿಟ್ಟು ತಾನೇ ರೂಟರಿನ ಜೊತೆ ಮಾತಿಗೆ ಇಳಿಯಬೇಕು. ಆಗ ಒಂದು ಕಡೆಯ ಗುಟ್ಟು ಅವನದೇ ಆಗಿರುವುದರಿಂದ ಕೊನೆಯ ಬಿಂದುವನ್ನು ಅವನು ಲೆಕ್ಕ ಹಾಕಬಲ್ಲ. ಆದರೆ ತನ್ನ ಬಿಂದುವನ್ನು ಕಳಿಸುವ ಮುಂಚೆಯೇ ಅವನು ಒಂದು ಪಾಸ್‌ವರ್ಡಿಗೆ ಗಂಟು ಬೀಳಬೇಕು, ಏಕೆಂದರೆ ಮುಸುಕನ್ನು ಗುಣಿಸಬೇಕಾದದ್ದು ಆ ಪಾಸ್‌ವರ್ಡಿನ ಬಿಂದುವನ್ನೇ. ಒಂದು ಮಾತುಕತೆಗೆ ಒಂದೇ ಊಹೆ. ತಪ್ಪಾದರೆ ಆ ಮಾತುಕತೆಯ ದಾಖಲೆಯನ್ನು ಮನೆಗೆ ಒಯ್ದು ಬೇರೆ ಊಹೆಗಳಿಗೆ ಬಳಸಲು ಬರುವುದಿಲ್ಲ.

ಅಕ್ಕನ ಮನೆಯ ಲೆಕ್ಕವನ್ನು ಈಗ ಮತ್ತೆ ಮಾಡೋಣ. ರೂಟರ್ ಸೆಕೆಂಡಿಗೆ ಹತ್ತು ಪ್ರಯತ್ನಗಳಿಗೆ ಉತ್ತರಿಸುತ್ತದೆ ಎಂದಿಟ್ಟುಕೊಳ್ಳಿ. 400 ಕೋಟಿ ನಂಬರುಗಳನ್ನು ಮುಗಿಸಲು 40 ಕೋಟಿ ಸೆಕೆಂಡು ಬೇಕು, ಅಂದರೆ ಹನ್ನೆರಡು ವರ್ಷಕ್ಕೂ ಹೆಚ್ಚು. ಅಷ್ಟೂ ಕಾಲ ಅವನು ಮನೆಯ ಹತ್ತಿರವೇ, ವೈ-ಫೈ ಸಿಗುವಷ್ಟು ದೂರದಲ್ಲೇ ಇರಬೇಕು. ಎಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕೊಂಡರೂ ಉಪಯೋಗವಿಲ್ಲ, ವೇಗ ನಿರ್ಧರಿಸುವುದು ರೂಟರ್. 27 ನಿಮಿಷದಿಂದ ಹನ್ನೆರಡು ವರ್ಷಕ್ಕೆ ಏರಿದ್ದು ಪಾಸ್‌ವರ್ಡಿನ ಒಂದಕ್ಷರವನ್ನೂ ಬದಲಾಯಿಸದೆ.

ಈ ವಿನ್ಯಾಸದಿಂದ ಇನ್ನೊಂದು ಲಾಭವೂ ಇದೆ. ಹಳೆಯ ವ್ಯವಸ್ಥೆಯಲ್ಲಿ ಯಾರಾದರೂ ನಿಮ್ಮ ವೈ-ಫೈ ಸಂಚಾರವನ್ನು ಹ್ಯಾಂಡ್‌ಶೇಕ್ ಸಮೇತ ಇಂದು ದಾಖಲಿಸಿಟ್ಟು, ಮುಂದೆಂದೋ ಪಾಸ್‌ವರ್ಡ್ ತಿಳಿದುಕೊಂಡರೆ ಹಳೆಯದನ್ನೆಲ್ಲ ಬಿಚ್ಚಿ ಓದಬಹುದಿತ್ತು. ಎಸ್‌ಎಇ ಕೀಲಿಯಲ್ಲಿ ಆ ಹೊತ್ತಿಗೆ ಹುಟ್ಟಿ ಅಳಿಸಿಹೋದ ಗುಟ್ಟಿನ ಸಂಖ್ಯೆಗಳು ಬೆರೆತಿರುವುದರಿಂದ, ಪಾಸ್‌ವರ್ಡ್ ತಿಳಿದರೂ ಹಿಂದಿನ ಸಂಚಾರ ಮುಚ್ಚಿಯೇ ಇರುತ್ತದೆ. ಸಂಪರ್ಕ ಕಡಿಯುವ ಸುಳ್ಳು ಸಂದೇಶಕ್ಕೂ ಡಬ್ಲ್ಯುಪಿಎ-3ರಲ್ಲಿ ಸಹಿಯ ರಕ್ಷಣೆ ಕಡ್ಡಾಯ.

ಇಷ್ಟು ಹೇಳಿದ ಮೇಲೆ ಇದರ ದೋಷಗಳನ್ನೂ ಹೇಳಬೇಕು. 2019ರ ಏಪ್ರಿಲ್‌ನಲ್ಲಿ ಮ್ಯಾಥಿ ವ್ಯಾನ್‌ಹೂಫ್ ಮತ್ತು ಇಯಾಲ್ ರೋನೆನ್ ಎಂಬ ಸಂಶೋಧಕರು ಡ್ರ್ಯಾಗನ್‌ಬ್ಲಡ್ ಎಂಬ ಹೆಸರಿನಲ್ಲಿ ಡಬ್ಲ್ಯುಪಿಎ-3ರ ಕೆಲವು ದೌರ್ಬಲ್ಯಗಳನ್ನು ಬಯಲಿಗಿಟ್ಟರು. ಮೇಲೆ ಹೇಳಿದ ಗಣಿತ ಅಲುಗಲಿಲ್ಲ. ಸೋರಿದ್ದು ಅದಕ್ಕೂ ಮುಂಚಿನ ಹೆಜ್ಜೆ, ಪಾಸ್‌ವರ್ಡನ್ನು ಬಿಂದುವಾಗಿಸುವ ಕೆಲಸ. ಮೊದಲಿನ ವಿಧಾನದಲ್ಲಿ ಸಾಧನವು ಪಾಸ್‌ವರ್ಡಿಗೆ ಒಂದು ಎಣಿಕೆಯನ್ನು ಸೇರಿಸಿ ಅರೆದು ನೋಡುತ್ತಿತ್ತು, ಬಂದ ಸಂಖ್ಯೆಗೆ ರೇಖೆಯ ಮೇಲೆ ಬಿಂದು ಇಲ್ಲದಿದ್ದರೆ ಎಣಿಕೆಯನ್ನು ಒಂದು ಹೆಚ್ಚಿಸಿ ಮತ್ತೆ ಪ್ರಯತ್ನಿಸುತ್ತಿತ್ತು. ಎಷ್ಟನೆಯ ಸಲಕ್ಕೆ ಬಿಂದು ಸಿಗುತ್ತದೆ ಎಂಬುದು ಪಾಸ್‌ವರ್ಡಿನ ಮೇಲೆಯೇ ನಿಂತಿದೆ. ಕೆಲವು ಅಳವಡಿಕೆಗಳಲ್ಲಿ ಉತ್ತರ ಬರಲು ಹಿಡಿದ ಸಮಯದಿಂದ, ಇನ್ನು ಕೆಲವೆಡೆ ಪ್ರೊಸೆಸರಿನ ಮೆಮೊರಿ ಬಳಕೆಯ ಗುರುತುಗಳಿಂದ ಆ ಎಣಿಕೆಯ ಸುಳಿವು ಹೊರಬೀಳುತ್ತಿತ್ತು. "ಮೊದಲ ಸಲಕ್ಕೇ ಸಿಗುವಂಥ ಪಾಸ್‌ವರ್ಡ್ ಇದು" ಎಂಬಷ್ಟು ತಿಳಿದರೂ ಊಹೆಗಳ ಪಟ್ಟಿಯಿಂದ ಬಹಳಷ್ಟನ್ನು ಹೊಡೆದುಹಾಕಬಹುದು. ಬೇರೆ ಬೇರೆ ವಿಳಾಸಗಳಿಂದ ಮಾತನಾಡಿಸಿದರೆ ಪ್ರತಿ ಸಲವೂ ಹೊಸದೊಂದು ಜರಡಿ ಸಿಗುತ್ತದೆ. ಎಂಟು ಸಣ್ಣಕ್ಷರಗಳ ಪಾಸ್‌ವರ್ಡುಗಳನ್ನು ಹೀಗೆ ಸೋಸಲು 40ಕ್ಕಿಂತ ಕಡಿಮೆ ಹ್ಯಾಂಡ್‌ಶೇಕ್ ಮತ್ತು 125 ಡಾಲರಿನಷ್ಟು ಬಾಡಿಗೆ ಕಂಪ್ಯೂಟರ್ ಸಾಕೆಂದು ಅವರು ತೋರಿಸಿದರು. ಒರೆಗಲ್ಲು ಹಿತ್ತಿಲ ಬಾಗಿಲಿನಿಂದ ಮತ್ತೆ ಹೊರಬಂದಿತ್ತು.

ಇದಕ್ಕೆ ತಂದ ತಿದ್ದುಪಡಿಯಲ್ಲಿ ಹುಡುಕಾಟವೇ ಇಲ್ಲ. ಯಾವ ಪಾಸ್‌ವರ್ಡಾದರೂ ಅಷ್ಟೇ ಹೆಜ್ಜೆಗಳಲ್ಲಿ ನೇರವಾಗಿ ಬಿಂದುವಾಗುತ್ತದೆ. 6 ಗಿಗಾಹರ್ಟ್ಸ್ ಬ್ಯಾಂಡಿನ ವೈ-ಫೈಯಲ್ಲಿ ಈ ಹೊಸ ವಿಧಾನವೇ ಕಡ್ಡಾಯ. ಹಳೆಯ ರೂಟರುಗಳಿಗೆ ತಂತ್ರಾಂಶದ ಅಪ್‌ಡೇಟ್ ಹಾಕಿಸುವುದು ಇಂಥದಕ್ಕೇ.

ನಮ್ಮ ಮನೆಗಳ ಮಟ್ಟಿಗೆ ಇದಕ್ಕಿಂತ ದೊಡ್ಡ ತೂತು ಬೇರೆಯಿದೆ. ರೂಟರಿನ ಸೆಟ್ಟಿಂಗ್‌ನಲ್ಲಿ WPA2/WPA3 ಎಂದು ಎರಡನ್ನೂ ಒಟ್ಟಿಗೆ ತೋರಿಸುವ ಆಯ್ಕೆ ಇರುತ್ತದೆ. ಹಳೆಯ ಫೋನು, ಟಿವಿ, ಪ್ರಿಂಟರ್ ಎಲ್ಲವೂ ನಡೆಯಲಿ ಎಂದು ಬಹಳ ಮಂದಿ ಅದನ್ನೇ ಇಟ್ಟುಕೊಳ್ಳುತ್ತಾರೆ. ಎರಡಕ್ಕೂ ಪಾಸ್‌ವರ್ಡ್ ಒಂದೇ. ಮನೆಯ ಒಂದು ಹಳೆಯ ಪ್ರಿಂಟರ್ ಡಬ್ಲ್ಯುಪಿಎ-2ರಲ್ಲಿ ಸೇರಿದರೂ ಆ ಪಾಸ್‌ವರ್ಡಿನ ಒರೆಗಲ್ಲು ಗಾಳಿಗೆ ಬಂದಂತೆಯೇ. ಹಳೆಯ ಸಾಧನ ಇಲ್ಲದಿದ್ದರೂ ಅಪಾಯ ತಪ್ಪದು. ಕಳ್ಳ ನಿಮ್ಮ ವೈ-ಫೈ ಹೆಸರಿನಲ್ಲೇ ಡಬ್ಲ್ಯುಪಿಎ-2 ಮಾತ್ರ ಇರುವ ನಕಲಿ ರೂಟರ್ ಇಟ್ಟರೆ, ಎರಡನ್ನೂ ಒಪ್ಪುವ ಫೋನು ಅದಕ್ಕೇ ಸೇರಲು ಹೋಗಬಹುದು. ನಕಲಿ ರೂಟರಿಗೆ ಪಾಸ್‌ವರ್ಡ್ ಗೊತ್ತಿರಬೇಕಿಲ್ಲ. ಅದು ಮೊದಲ ಹೆಜ್ಜೆಯ ಯಾದೃಚ್ಛಿಕ ಸಂಖ್ಯೆ ಕಳಿಸಿದರೆ ಸಾಕು, ಎರಡನೆಯ ಹೆಜ್ಜೆಯಲ್ಲಿ ಫೋನೇ ಮೊಹರು ಒತ್ತಿ ಕಳಿಸುತ್ತದೆ. ಸಂಪರ್ಕ ಪೂರ್ತಿಯಾಗುವುದಿಲ್ಲ, ಆದರೆ ಕಳ್ಳನಿಗೆ ಬೇಕಾದದ್ದು ಸಿಕ್ಕಿರುತ್ತದೆ.

ನಿಮ್ಮ ಸಾಧನ ಯಾವುದರಲ್ಲಿ ಸೇರಿದೆ ಎಂದು ನೋಡಿಕೊಳ್ಳುವುದು ಸುಲಭ. ಫೋನಿನ ವೈ-ಫೈ ವಿವರಗಳಲ್ಲಿ ಭದ್ರತೆಯ ವಿಧ ಬರೆದಿರುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಾದರೆ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪಿಸಿ:

```
netsh wlan show interfaces
```

ಅಲ್ಲಿ Authentication ಎಂಬ ಸಾಲಿನಲ್ಲಿ WPA3-Personal ಎಂದಿದ್ದರೆ ಎಸ್‌ಎಇ ನಡೆದಿದೆ. WPA2-Personal ಎಂದಿದ್ದರೆ, ರೂಟರಿನ ಪೆಟ್ಟಿಗೆಯ ಮೇಲೆ ಏನೇ ಅಚ್ಚಾಗಿರಲಿ, ಆ ಸಂಪರ್ಕ ಹಳೆಯ ಹ್ಯಾಂಡ್‌ಶೇಕಿನದೇ.

ಡಬ್ಲ್ಯುಪಿಎ-3 ಎಲ್ಲ ಊಹೆಯನ್ನೂ ತಡೆಯುವುದಿಲ್ಲ, ಒಂದೊಂದಾಗಿಯೇ ಕೇಳು ಎನ್ನುತ್ತದೆ. 12345678 ಎಂಬ ಪಾಸ್‌ವರ್ಡ್ ಯಾರದೇ ಪಟ್ಟಿಯಲ್ಲೂ ಮೊದಲ ಸಾಲಿನಲ್ಲಿರುತ್ತದೆ, ಅದಕ್ಕೆ ಒಂದು ಸೆಕೆಂಡೂ ಬೇಡ. ಪರಿಚಯದವರಿಗೆ ನಿಮ್ಮ ಫೋನ್ ನಂಬರ್ ಗೊತ್ತಿರುವಾಗ ಅದೂ ಅಷ್ಟೇ, 400 ಕೋಟಿಯ ಮಾತೇ ಅಲ್ಲಿ ಬರುವುದಿಲ್ಲ.

ದಸರೆ ಮುಗಿಸಿ ಹೊರಡುವ ಮುಂಚೆ ಅಕ್ಕನ ರೂಟರಿನ ಮುಂದೆ ಕುಳಿತೆ. ಮುಖ್ಯ ವೈ-ಫೈಯನ್ನು ಡಬ್ಲ್ಯುಪಿಎ-3 ಮಾತ್ರ ಎಂದು ಮಾಡಿದೆ. ಹಳೆಯ ಟಿವಿಗೂ ಪ್ರಿಂಟರಿಗೂ ಗೆಸ್ಟ್ ನೆಟ್‌ವರ್ಕ್ ತೆರೆದು ಬೇರೆಯೇ ಉದ್ದನೆಯ ಪಾಸ್‌ವರ್ಡ್ ಕೊಟ್ಟೆ. "ಮುಖ್ಯದ್ದಕ್ಕೆ ಹಳೇ ನಂಬರೇ ಇರಲಿ ಬಿಡು, ಈಗ ಗಟ್ಟಿಯಾಯಿತಲ್ಲ" ಎಂದರು ಭಾವ. ಇರಲು ಬಿಡಲಿಲ್ಲ. ಹಿಂದೆ ಯಾವಾಗಲೋ ಯಾರಾದರೂ ಹಿಡಿದಿಟ್ಟ ಡಬ್ಲ್ಯುಪಿಎ-2 ಮೊಹರು ಇವತ್ತಿಗೂ ಒರೆಗಲ್ಲಾಗಿಯೇ ಕೆಲಸ ಮಾಡುತ್ತದೆ. ಅದರಿಂದ ಪಾಸ್‌ವರ್ಡ್ ಪತ್ತೆ ಹಚ್ಚಿದವರು ಅದನ್ನು ಡಬ್ಲ್ಯುಪಿಎ-3ರ ಬಾಗಿಲಿಗೆ ತಂದು ಕೊಟ್ಟರೆ ರೂಟರ್ ಒಳಗೆ ಬಿಟ್ಟುಕೊಳ್ಳುತ್ತದೆ. ನೀವೂ ಸೆಟ್ಟಿಂಗ್ ಬದಲಾಯಿಸುವ ದಿನವೇ ಪಾಸ್‌ವರ್ಡನ್ನೂ ಬದಲಾಯಿಸಿ.